ಮಾವಿನ ಉಪ್ಪಿನಕಾಯಿ ಮಳೆಗಾಲ ದಾಟಬೇಕಾದರೆ: ಉಪ್ಪು, ಎಣ್ಣೆ, ಒಣ ಬರಣಿ

ಕಲಬುರಗಿಯ ಬಿಸಿಲಲ್ಲಿ ಹಾಕಿದ ಉಪ್ಪಿನಕಾಯಿ ಮೇ ತಿಂಗಳಿಡೀ ಏನೂ ಆಗದೆ ಚಂದವಾಗಿ ಇರುತ್ತದೆ. ಮೃಗಶಿರಾ ಮಳೆ ಬಿದ್ದು ಎರಡು ಮೂರು ವಾರ ಆದ ಮೇಲೆ ಬರಣಿಯ ಕುತ್ತಿಗೆಯಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಹಾಗಾಗಿ ಮಳೆಯೇ ಕೆಡಿಸಿತು ಎಂದು ಎಲ್ಲರೂ ಅನ್ನುತ್ತಾರೆ. ನಿಜ ಏನೆಂದರೆ ತಪ್ಪು ಏಪ್ರಿಲ್‌ನಲ್ಲೇ ಆಗಿರುತ್ತದೆ, ಮಳೆಗಾಲದ ತೇವ ಅದನ್ನು ಹೊರಗೆ ಹಾಕುತ್ತದೆ ಅಷ್ಟೇ. ನಾಲ್ಕು ಕೆಜಿ ಮಾವಿನ ಹೋಳಿನ ಲೆಕ್ಕ ಇಟ್ಟುಕೊಂಡು ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಉಪ್ಪು, ಎಣ್ಣೆ ಯಾವ ಕೆಲಸ ಮಾಡುತ್ತವೆ ಎಂಬುದನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಉಪ್ಪು ಹೋಳಿನೊಳಗಿನ ನೀರನ್ನು ಹಿಡಿದಿಟ್ಟು ಕೊಳೆಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಆದರೆ ಬೂಷ್ಟು ಉಪ್ಪಿಗೆ ಅಷ್ಟು ಹೆದರುವುದಿಲ್ಲ, ಕಾಯಿಯ ಹುಳಿಗೂ ಹೆದರುವುದಿಲ್ಲ. ಅದಕ್ಕೆ ಬೇಕೇಬೇಕಾದದ್ದು ಗಾಳಿ. ಆ ಗಾಳಿಯನ್ನು ಎಣ್ಣೆ ತಡೆಯುತ್ತದೆ. ಎಣ್ಣೆ ಯಾವ ಕ್ರಿಮಿಯನ್ನೂ ಕೊಲ್ಲುವುದಿಲ್ಲ, ಬರೀ ಮುಚ್ಚುತ್ತದೆ. ಆದ್ದರಿಂದ "ಎಣ್ಣೆ ಜಾಸ್ತಿ ಹಾಕೀನಿ, ಉಪ್ಪು ಕಡಿಮಿ ಆದ್ರೂ ನಡೀತದ" ಎಂಬ ಮಾತು ನಡೆಯುವುದಿಲ್ಲ. ನೀರು ಹೊಕ್ಕರೆ ಎರಡೂ ಕೆಡುತ್ತವೆ. ಒಂದು ಹನಿ ನೀರು ಬಿದ್ದ ಜಾಗದಲ್ಲಿ ಉಪ್ಪು ತೆಳುವಾಗುತ್ತದೆ, ಅಲ್ಲೇ ಬೂಷ್ಟಿಗೆ ದಾರಿ ಸಿಗುತ್ತದೆ.

ಕಾಯಿಯನ್ನು ಇಡಿಯಾಗಿದ್ದಾಗಲೇ ತೊಳೆಯಬೇಕು, ಹೆಚ್ಚಿದ ಮೇಲೆ ನೀರು ಸೋಕಿಸಬಾರದು. ತೊಳೆದು ಒರೆಸಿ, ತೊಟ್ಟಿನ ಕುಳಿಯಲ್ಲಿ ನಿಂತ ನೀರು ಆರುವ ತನಕ ಎರಡು ಮೂರು ತಾಸು ಬಟ್ಟೆಯ ಮೇಲೆ ಹರಡುತ್ತೇನೆ. ಸಂತೆಯಲ್ಲಿ ಹೆಚ್ಚಿಸಿಕೊಂಡು ಬರುವವರು ಹೆಚ್ಚುವವನ ಕತ್ತಿ, ಹಲಗೆ ಎರಡನ್ನೂ ನೋಡಬೇಕು. ಆಗಾಗ ನೀರು ಚಿಮುಕಿಸಿ ಕತ್ತಿ ತೊಳೆಯುತ್ತಿದ್ದರೆ ಮನೆಯಲ್ಲೇ ಹೆಚ್ಚುವುದು ಒಳ್ಳೆಯದು. ಬಿದ್ದು ಜಜ್ಜಿದ ಕಾಯಿ, ಕಪ್ಪು ಕಲೆ ಇರುವ ಕಾಯಿ ಬೇಡ. ಗೊರಟೆಯ ಗಟ್ಟಿ ಚಿಪ್ಪು ಹೋಳಿಗೆ ಅಂಟಿಕೊಂಡಿದ್ದರೆ ಇರಲಿ, ಆದರೆ ಒಳಗಿನ ಬೀಜವನ್ನೂ ಅದರ ಸುತ್ತಲಿನ ಕಾಗದದಂಥ ತೆಳು ಸಿಪ್ಪೆಯನ್ನೂ ಪ್ರತಿ ಹೋಳಿನಿಂದ ತೆಗೆಯಬೇಕು. ಆ ಸಿಪ್ಪೆಯ ಹಿಂದೆ ತೇವ ಕೂತಿರುತ್ತದೆ, ಉಪ್ಪಾಗಲಿ ಎಣ್ಣೆಯಾಗಲಿ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ.

ಉಪ್ಪನ್ನು ತೂಗಿಯೇ ಹಾಕಬೇಕು. ಹರಳುಪ್ಪು ಒಂದು ಬಟ್ಟಲು ತುಂಬಿದರೂ ಪುಡಿಯುಪ್ಪಿನ ಬಟ್ಟಲಿಗಿಂತ ತೂಕ ಕಡಿಮೆ ಬರುತ್ತದೆ, ಯಾಕೆಂದರೆ ಹರಳುಗಳ ನಡುವೆ ಸಂದು ಇರುತ್ತದೆ. ನಾಲ್ಕು ಕೆಜಿ ಹೋಳಿಗೆ ನಾನು ಹಾಕುವುದು 800 ಗ್ರಾಂ. ಹರಳುಪ್ಪು ಗಾಳಿಯ ತೇವ ಕುಡಿದಿರುತ್ತದೆ, ಹಾಗಾಗಿ ಒಣ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿಸಿ, ಪುಡಿ ಮಾಡಿ, ಆಮೇಲೆ ತೂಗುತ್ತೇನೆ. ಮಾವಿನಕಾಯಿಯಲ್ಲಿ ನೂರಕ್ಕೆ ಸುಮಾರು 85 ಪಾಲು ನೀರೇ. ನಾಲ್ಕು ಕೆಜಿಯಲ್ಲಿ ಹತ್ತಿರ ಹತ್ತಿರ 3.4 ಕೆಜಿ ನೀರಾಯಿತು. ಅದರಲ್ಲಿ 800 ಗ್ರಾಂ ಕರಗಿದರೆ ನೂರು ಗ್ರಾಂ ಉಪ್ಪುನೀರಿಗೆ 19 ಗ್ರಾಂ ಉಪ್ಪು ಬರುತ್ತದೆ. ಹೊರಗಿಟ್ಟು ವರ್ಷ ತಿನ್ನುವ ಉಪ್ಪಿನಕಾಯಿಗೆ ಇಷ್ಟು ಬೇಕು. ಬಿಪಿ ಇದೆ ಎಂದು ಅರ್ಧ ಉಪ್ಪು ಹಾಕಿದರೆ ಅದು 10 ಗ್ರಾಂ ಹತ್ತಿರಕ್ಕೆ ಇಳಿಯುತ್ತದೆ. ಅಂಥದ್ದನ್ನು ಒಂದು ಕೆಜಿಗಿಂತ ಹೆಚ್ಚು ಹಾಕದೆ, ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕು. ಬರಣಿಯಲ್ಲಿ ಹೊರಗೆ ಇಡುವ ಮಾತೇ ಬೇಡ.

ಹೋಳಿಗೆ ಉಪ್ಪು, 40 ಗ್ರಾಂ ಅರಿಶಿಣ ಕಲಸಿ ಮೂರು ದಿನ ಮುಚ್ಚಿಟ್ಟು, ದಿನಕ್ಕೆ ಎರಡು ಸಲ ಒಣ ಸೌಟಿನಿಂದ ಕೆಳಗಿನದನ್ನು ಮೇಲೆ ಮಾಡುತ್ತೇನೆ. ಮೂರನೇ ದಿನಕ್ಕೆ ಹೋಳು ನೀರು ಬಿಟ್ಟಿರುತ್ತದೆ. ಇಲ್ಲೇ ಬಹಳ ಮಂದಿ ಎಡವುತ್ತಾರೆ: ಹೋಳು ಬಸಿದು ಬಿಸಿಲಿಗೆ ಹಾಕಿ, ಆ ನೀರು ಚೆಲ್ಲಿಬಿಡುತ್ತಾರೆ. ಒಂದು ಲೀಟರ್ ಅಂಥ ನೀರು ಚೆಲ್ಲಿದರೆ ಅದರ ಜೊತೆ ಕಾಲು ಕೆಜಿಯ ಹತ್ತಿರ ಉಪ್ಪು, ಕಾಯಿಯ ಹುಳಿ ಎರಡೂ ಹೋಗುತ್ತವೆ. ಅಳತೆ ಮಾಡಿ ಹಾಕಿದ ಉಪ್ಪು ಬರಣಿಗೆ ಬರುವುದೇ ಇಲ್ಲ. ನೀರನ್ನು ಗಾಜಿನ ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಟ್ಟು ಮಸಾಲೆ ಕಲಸುವಾಗ ವಾಪಸು ಸೇರಿಸಬೇಕು. ಹೋಳುಗಳನ್ನು ಮಾಳಿಗೆಯ ಮೇಲೆ ಒಣ ಬಟ್ಟೆ ಹಾಸಿ ಹರಡಿದರೆ ನಮ್ಮ ಬಿಸಿಲಿಗೆ ಮೂರು ನಾಲ್ಕು ತಾಸು ಸಾಕು. ಎರಡು ಹೋಳು ಒಂದಕ್ಕೊಂದು ಅಂಟದಷ್ಟು ಮೇಲ್ಮೈ ಒಣಗಿದರೆ ಆಯಿತು, ಸುಕ್ಕುಗಟ್ಟುವ ತನಕ ಬಿಡಬಾರದು.

ಪಾತ್ರೆಗಳ ಮಾತು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಬೇಡ. ಹುಳಿ ಮತ್ತು ಉಪ್ಪು ಸೇರಿ ಲೋಹವನ್ನು ತಿನ್ನುತ್ತವೆ. ಒಣ ಪಾತ್ರೆ ಅಂದರೆ ಒರೆಸಿದ ಪಾತ್ರೆ ಅಲ್ಲ. ಸ್ಟೀಲ್ ಬೋಗುಣಿಯ ಅಂಚನ್ನು ಹೊರಕ್ಕೆ ಸುರುಳಿ ಸುತ್ತಿರುತ್ತಾರೆ. ತೊಳೆದಾಗ ಆ ಸುರುಳಿಯೊಳಗೆ ನೀರು ಹೊಕ್ಕು ಕೂರುತ್ತದೆ. ಒರೆಸಿದರೆ ಹೊರಗೆ ಒಣಗಿದಂತೆ ಕಾಣುತ್ತದೆ, ಕಲಸಲು ಓರೆ ಮಾಡಿದಾಗ ಒಂದು ಸಾಲು ಹನಿ ಇಳಿಯುತ್ತದೆ. ಪೊಳ್ಳು ಹಿಡಿಕೆಯ ಸೌಟಿನಲ್ಲೂ ಹಾಗೇ. ಬರಣಿಯ ಮುಚ್ಚಳದ ಒಳಗಿನ ರಬ್ಬರ್ ಬಿಲ್ಲೆಯ ಹಿಂದೆಯೂ ಹಾಗೇ. ಬಿಲ್ಲೆ ಬಿಚ್ಚಿ, ಎಲ್ಲವನ್ನೂ ಬಿಸಿನೀರಲ್ಲಿ ತೊಳೆದು, ಒಂದು ಪೂರ್ತಿ ದಿನ ಬಿಸಿಲಲ್ಲಿ ಇಡುತ್ತೇನೆ. ಬರಣಿಯನ್ನು ನೀರು ಇಳಿಯುವ ತನಕ ಮಾತ್ರ ಬೋರಲು ಹಾಕಬೇಕು, ಆಮೇಲೆ ಬಾಯಿ ಮೇಲೆ ಮಾಡಬೇಕು. ಬೋರಲಿದ್ದರೆ ಒಳಗಿನ ಆವಿ ಹೊರಗೆ ಹೋಗುವುದಿಲ್ಲ. ಹೊಳಪು ಒಡೆದು ಬಿರುಕು ಬಿಟ್ಟ ಚೀನಿ ಬರಣಿ ಎಷ್ಟು ಹಳೆಯದಾದರೂ ಉಪ್ಪಿನಕಾಯಿಗೆ ಬೇಡ, ಬಿರುಕಿನಲ್ಲಿ ತೇವ ಉಳಿಯುತ್ತದೆ.

ಮಸಾಲೆ ಅವರವರ ಮನೆಯ ರುಚಿ. ನನ್ನದು ಖಾರಪುಡಿ 350 ಗ್ರಾಂ, ಸಾಸಿವೆ ಪುಡಿ 250 ಗ್ರಾಂ, ಹುರಿದ ಮೆಂತ್ಯದ ಪುಡಿ 50 ಗ್ರಾಂ, ಇಂಗು 15 ಗ್ರಾಂ. ಎಲ್ಲವೂ ಬಿಸಿಲು ಕಂಡಿರಬೇಕು. ಬೆಳ್ಳುಳ್ಳಿ ಹಾಕುವವರಿಗೆ ಒಂದು ಎಚ್ಚರಿಕೆ. ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಹುಳಿಯಿಲ್ಲದ ತೇವದ ವಸ್ತು ಎಣ್ಣೆಯೊಳಗೆ, ಗಾಳಿಯಿಲ್ಲದೆ ಕೂತರೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷ ಕಣ್ಣಿಗೆ ಕಾಣದು, ಮೂಗಿಗೂ ಗೊತ್ತಾಗದು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿ ಇದ್ದರೆ, ಅದು ಬೆಳೆಯುವುದಿಲ್ಲ. ಆದ್ದರಿಂದ ನಾಲ್ಕು ಕೆಜಿಗೆ 200 ಗ್ರಾಂ ಮೀರದಂತೆ ಬೆಳ್ಳುಳ್ಳಿಯನ್ನು ಮೊದಲ ದಿನವೇ ಮಾವಿನ ಹೋಳು, ಉಪ್ಪಿನ ಜೊತೆ ಕಲಸಿ ಹುಳಿ ಹೀರಲು ಬಿಡುತ್ತೇನೆ. ಕೊನೆಗೆ ಮೇಲಿನ ಎಣ್ಣೆಯಲ್ಲಿ ತೇಲಿಬಿಡುವುದಿಲ್ಲ. ಬರೀ ಬೆಳ್ಳುಳ್ಳಿಯ ಉಪ್ಪಿನಕಾಯಿಯಾದರೆ ನಿಂಬೆರಸ ಧಾರಾಳವಾಗಿ ಇರಲಿ, ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಡಿ.

ನಮ್ಮ ಕಡೆ ಕುಸುಬಿ ಎಣ್ಣೆಯ ಬಳಕೆ ಹಳೆಯದು. ಆದರೆ ಅದು ಬೇಗ ಕಮಟುತ್ತದೆ, ಎರಡು ಮೂರು ತಿಂಗಳಲ್ಲಿ ಖಾಲಿಯಾಗುವ ಉಪ್ಪಿನಕಾಯಿಗೆ ಮಾತ್ರ ಸರಿ. ವರ್ಷದ ಬರಣಿಗೆ ಶೇಂಗಾ ಎಣ್ಣೆ, ಅದಕ್ಕಿಂತ ಚಲೋ ಎಳ್ಳೆಣ್ಣೆ. ಗಾಣದ ಎಣ್ಣೆಯಲ್ಲಿ ಗಸಿ, ತೇವ ಎರಡೂ ಇರಬಹುದು. ಚಟಚಟ ಸದ್ದು ನಿಂತು ಹೊಗೆ ಏಳುವ ಹದಕ್ಕೆ ಬಂದೊಡನೆ ಇಳಿಸಿ, ಪೂರ್ತಿ ತಣ್ಣಗಾದ ಮೇಲೆ ಗಸಿ ಬಿಟ್ಟು ತಿಳಿಯನ್ನಷ್ಟೇ ಹಾಕುತ್ತೇನೆ. ಉಗುರುಬೆಚ್ಚಗಿರುವಾಗ ಹಾಕಿ ಮುಚ್ಚಿದರೆ ಆವಿ ಮುಚ್ಚಳಕ್ಕೆ ಹತ್ತಿ, ಹನಿಗಟ್ಟಿ, ಮತ್ತೆ ಒಳಗೇ ಬೀಳುತ್ತದೆ. ಕರಿದು ಉಳಿದ ಎಣ್ಣೆ ಖಂಡಿತ ಬೇಡ.

ಮೊದಲ ಸಲ ಒಂದೂಕಾಲು ಲೀಟರ್ ಎಣ್ಣೆ ಹಿಡಿಯುತ್ತದೆ. ತುಂಬುವಾಗ ಪದರ ಪದರವಾಗಿ ಒತ್ತಬೇಕು, ನಡುವೆ ಸಿಕ್ಕ ಗಾಳಿ ಗುಳ್ಳೆಯಾಗಿ ಮೇಲೆ ಬರಲಿ. ಎಂಟು ಹತ್ತು ದಿನದಲ್ಲಿ ಮಸಾಲೆ, ಹೋಳು ಎಣ್ಣೆ ಕುಡಿದು ಮಟ್ಟ ಇಳಿದು, ಕೆಲವು ಹೋಳು ತಲೆ ಎತ್ತುತ್ತವೆ. ಆಗ ಕಾಯಿಸಿ ಆರಿಸಿದ ಎಣ್ಣೆಯನ್ನು ಮತ್ತೆ ಹಾಕದಿದ್ದರೆ ಮೊದಲಿನ ಶ್ರಮವೆಲ್ಲ ವ್ಯರ್ಥ. ಮಾರಾಟದ ಎಣ್ಣೆ ಉಪ್ಪಿನಕಾಯಿಗೆ ಎಫ್‌ಎಸ್‌ಎಸ್‌ಎಐ ನಿಯಮ ಕೇಳುವುದು ಮೇಲೆ ಅರ್ಧ ಸೆಂಟಿಮೀಟರ್ ಎಣ್ಣೆ ಇಲ್ಲವೇ ಒಟ್ಟಿನಲ್ಲಿ ನೂರಕ್ಕೆ ಹತ್ತು ಪಾಲು ಎಣ್ಣೆ. ಮನೆಯ ಬರಣಿಯನ್ನು ಮತ್ತೆ ಮತ್ತೆ ತೆರೆಯುತ್ತೇವೆ, ಹಾಗಾಗಿ ನಾನು ಒಂದು ಬೆರಳಿನಷ್ಟು ಇರಿಸುತ್ತೇನೆ. ತುಂಬಿದ ಮೇಲೆ ಎಣ್ಣೆಯ ಮಟ್ಟಕ್ಕಿಂತ ಮೇಲೆ, ಕುತ್ತಿಗೆಗೆ ಮೆತ್ತಿದ ಮಸಾಲೆಯನ್ನು ಒಣ ಬಟ್ಟೆಯಿಂದ ಒರೆಸಲೇಬೇಕು. ಅಲ್ಲಿ ಎಣ್ಣೆ ಇಲ್ಲ, ಗಾಳಿ ಇದೆ, ಮುಚ್ಚಳದ ಬೆವರು ಇಳಿಯುವುದೂ ಅಲ್ಲೇ. ಬೂಷ್ಟು ಸಾಮಾನ್ಯವಾಗಿ ಹುಟ್ಟುವ ಜಾಗ ಅದು.

ದೊಡ್ಡ ಬರಣಿಯನ್ನು ದಿನಾ ತೆರೆಯಬಾರದು. ವಾರಕ್ಕಾಗುವಷ್ಟು ಸಣ್ಣ ಬಾಟಲಿಗೆ ತೆಗೆದು, ತೆಗೆದಾಗಲೆಲ್ಲ ಉಳಿದದ್ದನ್ನು ಒತ್ತಿ ಎಣ್ಣೆಯಡಿ ಮುಳುಗಿಸಿ. ರೊಟ್ಟಿ ಬಡಿದ ಹಸಿ ಕೈ ಸಣ್ಣ ಬಾಟಲಿಗೆ ಹೋದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಶಹಾಬಾದ ಫರಸಿಯ ನೆಲ ಮಳೆಗಾಲದಲ್ಲಿ ತಣ್ಣಗಾಗಿ ಬೆವರುತ್ತದೆ. ಬರಣಿ ಅದರ ಮೇಲೆ ನೇರ ಇರದೆ ಕಟ್ಟಿಗೆಯ ಹಲಗೆಯ ಮೇಲೆ, ಒಲೆಯ ಆವಿಯಿಂದ ದೂರ ಇರಲಿ.

ಈಗ ಜುಲೈನಲ್ಲಿ ಬಿಳಿ ಕಂಡಿತು ಎಂದುಕೊಳ್ಳಿ. ಮೊದಲು ಕಲಕಬೇಡಿ, ಮೂಗಿಟ್ಟು ಎಳೆದು ಮೂಸಲೂಬೇಡಿ. ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಹತ್ತಿಯಂಥ ಎಳೆ ಎದ್ದಿದ್ದರೆ, ಚುಕ್ಕೆಯ ನಡುವೆ ಹಸಿರು, ಬೂದಿ ಇಲ್ಲವೇ ಕಪ್ಪು ಬಣ್ಣ ತಿರುಗಿದ್ದರೆ, ಮುಗ್ಗಲು ವಾಸನೆ ತಾನಾಗಿ ಬಂದರೆ ಅದು ಬೂಷ್ಟು. ಹೊಳೆಯುವ ಹರಳಿನಂತೆ ಕಂಡರೆ ಉಪ್ಪು ಇರಬಹುದು. ಒಣ ಕಡ್ಡಿಯಿಂದ ಚೂರು ತೆಗೆದು ಒಂದು ಬಟ್ಟಲು ಬೆಚ್ಚಗಿನ ನೀರಿಗೆ ಹಾಕಿ. ಉಪ್ಪಾದರೆ ಕರಗಿ ಹೋಗುತ್ತದೆ, ಬೂಷ್ಟು ಎಳೆಯಾಗಿ ತೇಲುತ್ತದೆ. ಎಣ್ಣೆ ಸರಿದು ಉಪ್ಪುನೀರು ಗಾಳಿಗೆ ತೆರೆದ ಕಡೆ ಕೆನೆಯಂಥ, ಸುಕ್ಕಾದ ತೆಳು ಪೊರೆ ಕಟ್ಟಿದ್ದರೆ ಅದು ಯೀಸ್ಟ್ ಇರಬಹುದು. ಅದು ಬೂಷ್ಟಿನಷ್ಟು ಕೆಟ್ಟದ್ದಲ್ಲ, ಆದರೆ ಹುಳಿಯನ್ನು ತಿಂದು ಬೂಷ್ಟಿಗೆ ಹಾದಿ ಮಾಡುತ್ತದೆ. ಸಂಶಯ ಉಳಿದರೆ ನಾನು ಅದನ್ನೂ ಬೂಷ್ಟು ಎಂದೇ ಎಣಿಸುತ್ತೇನೆ. ಫ್ರಿಜ್‌ನಲ್ಲಿ ಎಣ್ಣೆ ಮಂದವಾಗಿ ಬೆಳ್ಳಗಾಗುವುದು ಬೇರೆ, ಹೊರಗಿಟ್ಟರೆ ತಿಳಿಯಾಗುತ್ತದೆ. ಮುಚ್ಚಳ ಉಬ್ಬಿದ್ದರೆ, ತೆರೆದಾಗ ಗಾಳಿ ಚಿಮ್ಮಿದರೆ, ಎಣ್ಣೆಯಲ್ಲಿ ನೊರೆ ಏಳುತ್ತಿದ್ದರೆ, ಹೋಳು ಲೋಳೆಯಾದರೆ ಬೂಷ್ಟು ಕಾಣದಿದ್ದರೂ ತಿನ್ನಬಾರದು.

ಬೂಷ್ಟು ಖಚಿತವಾದರೆ ಇಡೀ ಬರಣಿ ಚೆಲ್ಲಬೇಕು. ಮೇಲಿನದು ತೆಗೆದು, ಬಿಸಿಲಿಗಿಟ್ಟು, ಬಿಸಿ ಎಣ್ಣೆ ಸುರಿದು ತಿನ್ನುವ ರೂಢಿ ನಮ್ಮಲ್ಲಿದೆ, ನಾನು ಅದನ್ನು ಒಪ್ಪುವುದಿಲ್ಲ. ಕಾಣುವುದು ಮೇಲಿನ ತುದಿ ಮಾತ್ರ, ಎಳೆಗಳು ಕೆಳಗೂ ಇಳಿದಿರುತ್ತವೆ. ಕೆಲವು ಬೂಷ್ಟು ಬಿಡುವ ವಿಷ ಮನೆಯ ಒಲೆಯ ಕಾವಿಗೆ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ. ಚೀಲದಲ್ಲಿ ಗಂಟು ಕಟ್ಟಿ ಕಸಕ್ಕೆ ಹಾಕಿ, ರಬ್ಬರ್ ಬಿಲ್ಲೆ ಬದಲಿಸಿ, ಬರಣಿಯನ್ನು ಸೋಪು, ಬಿಸಿನೀರಿನಿಂದ ತಿಕ್ಕಿ ತೊಳೆದು ಮಳೆ ಬಿಟ್ಟ ಬಿಸಿಲಿಗೆ ಎರಡು ದಿನ ಇಡಿ. ಪಕ್ಕದಲ್ಲಿದ್ದ ಉಳಿದ ಬರಣಿಗಳ ಕುತ್ತಿಗೆ, ಮುಚ್ಚಳಗಳನ್ನೂ ಅದೇ ದಿನ ತೆರೆದು ನೋಡಿ.