ಗದ್ದೆಗೆ ಬಿದ್ದ ಫೋನಿಂದ ವಾಟ್ಸಾಪ್ ಮೆಸೇಜ್ ತೆಗೆದ ಕತೆ

ಸೋಮವಾರಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು 11 ವರ್ಷ ಆಯ್ತು. ಮಳೆಗಾಲ ಬಂದರೆ ನಮಗೆ ಸುಗ್ಗಿ. ನೀರು ಕುಡಿದ ಫೋನುಗಳೇ ದಿನಕ್ಕೆ ನಾಲ್ಕೈದು ಬರುತ್ತವೆ. ಅವನ್ನು ಕ್ಲೀನ್ ಮಾಡೋದು ಹೇಗೆ ಅಂತ ಇಲ್ಲಿ ಬರೆಯಲ್ಲ, ಈ ಕೆಲಸದಲ್ಲಿ ಇರೋರಿಗೆ ಗೊತ್ತು. ಫೋನ್ ಸತ್ತ ಮೇಲೂ ಒಳಗಿನ ವಾಟ್ಸಾಪ್ ಮೆಸೇಜುಗಳು ಹೆಚ್ಚುಕಡಿಮೆ ಪೂರ್ತಿ ವಾಪಸ್ ಬಂದ ಒಂದು ಕೇಸ್ ಬಗ್ಗೆ ಬರೆಯುತ್ತೇನೆ. ಪಕ್ಕದ ಬೀದಿಯ ನಮ್ಮ ಗೆಳೆಯನೇ "ಅದೆಲ್ಲ ಆಗಲ್ಲ ಮಾರಾಯ, ಸುಮ್ನೆ ಗಿರಾಕಿಗೆ ಆಸೆ ತೋರಿಸಬೇಡ" ಅಂದಿದ್ದ. ಈಗ ಅವನೇ ಫೋನ್ ಕಳಿಸುತ್ತಾನೆ.

ಶನಿವಾರಸಂತೆ ಕಡೆಯ ಗೌಡರೊಬ್ಬರು. ನಾಟಿ ದಿನ ಬಗ್ಗಿದಾಗ ಅಂಗಿ ಜೇಬಿನಿಂದ ಫೋನ್ ಜಾರಿ ಗದ್ದೆಯ ಕೆಸರಿಗೆ ಬಿತ್ತು. ಬೆಳಗ್ಗೆ ಸುಮಾರು 11 ಗಂಟೆ. ಮನೆಗೆ ಹೋಗಿ ಅಕ್ಕಿ ಡಬ್ಬಿಯಲ್ಲಿ ಇಟ್ಟರು, ರಾತ್ರಿ ಚಾರ್ಜಿಗೆ ಬೇರೆ ಹಾಕಿದರು. ಅಲ್ಲಿಗೆ ಮುಗೀತು. ನನ್ನ ಹತ್ತಿರ ಬಂದಿದ್ದು ಐದಾರು ದಿನ ಆದ ಮೇಲೆ.

ಅವರಿಗೆ ಫೋನ್ ಬೇಕಾಗಿರಲಿಲ್ಲ. ಕುಶಾಲನಗರದ ವ್ಯಾಪಾರಿಗೆ 38 ಮೂಟೆ ರೋಬಸ್ಟಾ ಕಾಫಿ ಚೆರ್ರಿ ಕೊಟ್ಟಿದ್ದರು. ಔಟ್‌ಟರ್ನ್, ಅಂದರೆ ಒಂದು ಮೂಟೆ ಚೆರ್ರಿಯಿಂದ ಇಷ್ಟು ಕೆಜಿ ಕಾಫಿ ಬೀಜ ಸಿಗುತ್ತೆ ಅನ್ನೋದು, 27ಕ್ಕೆ ಲೆಕ್ಕ ಅಂತ ಆತ ಮಾರ್ಚ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದ. ಈಗ ಬಾಕಿ ಕೊಡುವಾಗ 26 ಅಂತಿದ್ದಾನೆ. ಆಗಿನ ರೇಟಿಗೆ ಒಂದು ಪಾಯಿಂಟ್ ಅಂದರೆ ಮೂಟೆಗೆ ಮುನ್ನೂರು ರೂಪಾಯಿಗೂ ಜಾಸ್ತಿ, ಲೆಕ್ಕ ಹಾಕಿಕೊಳ್ಳಿ.

ಗೌಡರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ಎಲ್ಲ ಕಂಪನಿ ಸರ್ವರ್‌ನಲ್ಲಿ ಇರುತ್ತೆ ಅಪ್ಪ, ಲಾಗಿನ್ ಆದರೆ ಬರುತ್ತೆ" ಅಂತ ಹೇಳಿ, ನಾಟಿಗೆ ಬಂದವನು ಅಪ್ಪನ ಸಿಮ್ಮನ್ನು ಒಂದು ಹೊಸ ಫೋನಿಗೆ ಹಾಕಿ ವಾಟ್ಸಾಪ್ ತೆರೆದಿದ್ದ. ಬ್ಯಾಕಪ್ ಸಿಗಲಿಲ್ಲ ಅಂತ ಬಂತು. `Skip` ಒತ್ತಿದ್ದ. ಖಾಲಿ ವಾಟ್ಸಾಪ್.

ಇಲ್ಲೇ ಎಲ್ಲರೂ ಎಡವೋದು. ವಾಟ್ಸಾಪ್‌ನಲ್ಲಿ ನಿಮ್ಮ ಹಳೇ ಮೆಸೇಜುಗಳು ಕಂಪನಿಯ ಸರ್ವರ್‌ನಲ್ಲಿ ಇರಲ್ಲ. ಸರ್ವರ್ ಬರೀ ಅಂಚೆ ಪೆಟ್ಟಿಗೆ. ಮೆಸೇಜು ನಿಮ್ಮ ಫೋನಿಗೆ ತಲುಪಿದ ಕೂಡಲೇ ಅಲ್ಲಿಂದ ಅಳಿಸಿ ಹೋಗುತ್ತದೆ. ನಿಮ್ಮ ಫೋನ್ ಆಫ್ ಇದ್ದರೆ 30 ದಿನ ಕಾಯುತ್ತದೆ, ಆಮೇಲೆ ಎಸೆಯುತ್ತದೆ. ಮಾರ್ಚ್ ತಿಂಗಳ ವಾಯ್ಸ್ ಮೆಸೇಜ್ ಅಲ್ಲಿ ಹುಡುಕೋದು, ಅಂಚೆಯಣ್ಣನ ಚೀಲದಲ್ಲಿ ಹೋದ ವರ್ಷದ ಕಾಗದ ಹುಡುಕಿದ ಹಾಗೆ.

ಗೌಡರಿಗೆ ಇದು ನಂಬಿಕೆ ಬರಲಿಲ್ಲ. ಹೊಸ ಫೋನು ತೋರಿಸಿ "ಇಲ್ಲಿ ನೋಡು, ಕಂಪನಿಯೋರು ಇಟ್ಕೊಂಡಿದ್ದಾರಲ್ಲ" ಅಂದರು. ವ್ಯಾಪಾರಿಯ ಚಾಟ್‌ನಲ್ಲಿ `Waiting for this message` ಅಂತ ಒಂದು ಸಾಲು ಇತ್ತು. ಫೋನ್ ಸತ್ತಿದ್ದ ದಿನಗಳಲ್ಲಿ ಆತ ಕಳಿಸಿದ ಮೆಸೇಜು. ಅದು ಹಳೇ ಫೋನಿನ ಬೀಗ ಹಾಕಿಕೊಂಡು ಹೊರಟ ಪೆಟ್ಟಿಗೆ. ಸರ್ವರ್ ಅದನ್ನು ಹೊಸ ಫೋನಿಗೆ ತಂದುಕೊಟ್ಟಿದೆ, ಆದರೆ ಹೊಸ ಫೋನಿನ ಹತ್ತಿರ ಆ ಬೀಗದ ಕೈ ಇಲ್ಲ. ಕಂಪನಿ ಹತ್ತಿರವೂ ಇಲ್ಲ. ಕಳಿಸಿದವನ ಫೋನು ಮತ್ತೆ ಹೊಸ ಬೀಗ ಹಾಕಿ ಕಳಿಸಬೇಕು. "ಗೌಡ್ರೇ, ಅವರಿಗೆ ಫೋನ್ ಮಾಡಿ ಸ್ವಲ್ಪ ವಾಟ್ಸಾಪ್ ತೆಗೀರಿ ಅನ್ನಿ" ಅಂದೆ. ಮಾಡಿದರು. ಒಂದೆರಡು ನಿಮಿಷದಲ್ಲಿ ಆ ಸಾಲು ಹೋಗಿ "ಸೋಮವಾರ ಬನ್ನಿ" ಅನ್ನೋ ಮೆಸೇಜು ಬಂತು. ಗೌಡರು ಆಗ ಕುರ್ಚಿ ಎಳೆದುಕೊಂಡು ಕೂತರು.

ಹಾಗಾದರೆ ಗೂಗಲ್ ಡ್ರೈವ್? ಅಲ್ಲಿ ಬ್ಯಾಕಪ್ ಆನ್ ಇತ್ತು, ಆದರೆ ವೈಫೈನಲ್ಲಿ ಮಾತ್ರ ಅಂತ ಇತ್ತು. ಗೌಡರ ಮನೆಯಲ್ಲಿ ವೈಫೈ ಇಲ್ಲ. ಅಂದರೆ ಫೋನ್ ತಗೊಂಡ ದಿನದಿಂದ ಒಂದು ಸಲವೂ ಬ್ಯಾಕಪ್ ಹೋಗಿಲ್ಲ! ನಮ್ಮ ಕಡೆ ಹತ್ತರಲ್ಲಿ ಆರು ಫೋನು ಹೀಗೇ.

ಉಳಿದಿದ್ದು ಸತ್ತ ಫೋನೇ. ಆಂಡ್ರಾಯ್ಡ್ ಫೋನಿನಲ್ಲಿ ಮೆಸೇಜುಗಳು ಎರಡು ಕಡೆ ಇರುತ್ತವೆ. ಒಂದು, ಆಪ್‌ನ ಒಳಕೋಣೆ. ರೂಟ್ ಮಾಡದೆ ಅಲ್ಲಿಗೆ ಕೈ ಹೋಗಲ್ಲ. ಇನ್ನೊಂದು, ದಿನಾ ರಾತ್ರಿ 2 ಗಂಟೆಗೆ ವಾಟ್ಸಾಪ್ ತಾನಾಗಿ ಬರೆದಿಡುವ ನಕಲು. ಇದಕ್ಕೆ ನೆಟ್ ಬೇಡ, ವೈಫೈ ಬೇಡ, ಜಿಮೇಲ್ ಬೇಡ. ಕೇಬಲ್ ಹಾಕಿ ನೋಡಿದರೆ ಈ ಜಾಗದಲ್ಲಿ ಕಾಣುತ್ತದೆ:

```
Android/media/com.whatsapp/WhatsApp/Databases
```

ಅದರಲ್ಲಿ `msgstore.db.crypt14` ಅನ್ನೋ ಫೈಲ್ ಇರುತ್ತದೆ, ಜೊತೆಗೆ ಹಿಂದಿನ ಸುಮಾರು ಒಂದು ವಾರದ ತಾರೀಕು ಹಾಕಿದ ನಕಲುಗಳೂ ಇರುತ್ತವೆ. ಫೈಲಿಗೆ ಬೀಗ ಇದೆ, ನಾವು ತೆರೆದು ಓದಕ್ಕಾಗಲ್ಲ. ಆದರೆ ಅದೇ ನಂಬರಿಗೆ ಓಟಿಪಿ ಹಾಕಿ ಲಾಗಿನ್ ಆದರೆ ಕಂಪನಿಯೇ ಬೀಗದ ಕೈ ಕೊಡುತ್ತದೆ. ಹಳೇ ಮೆಸೇಜು ನಮ್ಮ ಹತ್ತಿರ, ಈ ನಕಲಿನ ಕೈ ಮಾತ್ರ ಅವರ ಹತ್ತಿರ. (ಬ್ಯಾಕಪ್‌ಗೆ ನಾವೇ ಪಾಸ್‌ವರ್ಡ್ ಅಥವಾ 64 ಅಕ್ಷರದ ಕೀ ಇಟ್ಟಿದ್ದರೆ ಕತೆ ಬೇರೆ. ಅದು ಮರೆತರೆ ಯಾರೂ ತೆಗೆಯಕ್ಕಾಗಲ್ಲ. ಅಂಥ ಕೇಸ್ ನಾನು ಮುಟ್ಟಲ್ಲ.)

ಗೌಡರ ಫೋನು ಬಿದ್ದದ್ದು 11 ಗಂಟೆಗೆ, ನಕಲು ಆಗಿದ್ದು ಅದೇ ದಿನ ಬೆಳಗಿನ ಜಾವ 2ಕ್ಕೆ. ಹೆಚ್ಚು ಅಂದರೆ ಒಂಬತ್ತು ಗಂಟೆಯ ಮೆಸೇಜು ಹೋಗುತ್ತೆ, ಅಷ್ಟೇ ಅಲ್ವಾ?

ಇದನ್ನು ಕಲಿಯಕ್ಕೆ ನಾನು ಕೊಟ್ಟ ಫೀಸ್ ಜಾಸ್ತಿ. ಮೊದಲು ಯಾವುದೋ ರಿಕವರಿ ಸಾಫ್ಟ್‌ವೇರಿಗೆ 2,400 ರೂಪಾಯಿ ಸುರಿದೆ. ಸ್ಕ್ಯಾನ್ ಮಾಡಿ ಹಸಿರು ಗೆರೆ ತೋರಿಸಿತು, ಒಂದು ಮೆಸೇಜೂ ಕೊಡಲಿಲ್ಲ. ಆಮೇಲೆ ಮೆಮೊರಿ ಐಸಿ ಕಿತ್ತು ಓದೋಣ ಅಂತ ಒಂದು ಗುಜರಿ ಬೋರ್ಡ್ ಮೇಲೆ ಪ್ರಯೋಗ ಮಾಡಿದೆ. ಈಗಿನ ಫೋನುಗಳ ಮೆಮೊರಿಗೇ ಬೀಗ ಇರುತ್ತೆ. ಅದೇ ಬೋರ್ಡ್ ಆನ್ ಆಗಿ, ಪ್ಯಾಟರ್ನ್ ಹಾಕಿದರೆ ಮಾತ್ರ ತೆರೆಯೋದು. ಕಿತ್ತ ಐಸಿಯಲ್ಲಿ ಸಿಕ್ಕಿದ್ದು ಕಸ.

ಎಲ್ಲಕ್ಕಿಂತ ಕೆಟ್ಟದ್ದು ಒಬ್ಬರು ಟೀಚರಮ್ಮನ ಕೇಸ್, ಎರಡು ವರ್ಷದ ಹಿಂದಿನದು. ಅವರ ಬ್ಯಾಕಪ್ ಡ್ರೈವ್‌ನಲ್ಲಿ ಸರಿಯಾಗೇ ಇತ್ತು. ನಾನು ಅರ್ಜೆಂಟಲ್ಲಿ `Skip` ಒತ್ತಿ, "ನಾಳೆ ತರಿಸೋಣ ಅಕ್ಕ" ಅಂದೆ. ಅಂಗಡಿಯ ವೈಫೈ ಆನ್ ಇತ್ತು. ರಾತ್ರಿ ಖಾಲಿ ವಾಟ್ಸಾಪ್ ಹೊಸ ಬ್ಯಾಕಪ್ ಮಾಡಿತು, ಹಳೆಯದರ ಮೇಲೇ ಕೂತಿತು. ತೀರಿಕೊಂಡ ಅವರ ತಾಯಿಯ ವಾಯ್ಸ್ ಮೆಸೇಜುಗಳು ಅದರಲ್ಲಿದ್ದವು. ತಗೊಂಡಿದ್ದ 500 ರೂಪಾಯಿ ವಾಪಸ್ ಕೊಟ್ಟೆ. ಈಗಲೂ ಪೇಟೆಯಲ್ಲಿ ಅವರು ಎದುರಾದರೆ ನಾನೇ ಪಕ್ಕಕ್ಕೆ ಸರಿಯುತ್ತೇನೆ.

ಗೌಡರ ಫೋನು ತೆರೆದೆ. ಕ್ಲೀನ್ ಮಾಡಿ, ಗುಜರಿಯಿಂದ ಡಿಸ್‌ಪ್ಲೇ ತೆಗೆದು ಹಾಕಿದೆ. ಚಾರ್ಜಿಂಗ್ ಬೋರ್ಡ್ ತುಕ್ಕು ಹಿಡಿದಿತ್ತು, ಅದು ಸರಿ ಇಲ್ಲದಿದ್ದರೆ ಕೇಬಲ್‌ನಲ್ಲಿ ಡೇಟಾನೂ ಬರಲ್ಲ. ಹೊಸದಕ್ಕೆ ಮುನ್ನೂರು ಚಿಲ್ಲರೆ. ಫೋನ್ ಆನ್ ಆಯ್ತು, ನಾಲ್ಕು ನಿಮಿಷಕ್ಕೆ ಬಿಸಿಯಾಗಿ ಆಫ್ ಆಯ್ತು. ಮತ್ತೆ ಆನ್, ಮತ್ತೆ ಆಫ್. ಅದನ್ನು ಇಪ್ಪತ್ತು ನಿಮಿಷದ ತನಕ ಎಳೆಯಕ್ಕೆ ನನ್ನದೊಂದು ಉಪಾಯ ಇದೆ, ಅದನ್ನು ಮಾತ್ರ ಬರೆಯಲ್ಲ. ಹೊಟ್ಟೆಪಾಡು ನೋಡಿ.

ಆನ್ ಆದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿದೆ. ನೆಟ್ ಸಿಕ್ಕರೆ ಹಳೇ ವಾಟ್ಸಾಪ್ ಲಾಗೌಟ್ ಆಗಿ ಏನು ಮಾಡುತ್ತೋ, ನನಗೆ ಆ ರಿಸ್ಕ್ ಬೇಡ. ಪ್ಯಾಟರ್ನ್ ಹಾಕಿ, ಫೈಲ್ ಟ್ರಾನ್ಸ್‌ಫರ್ ಒತ್ತಿ, ಮೊದಲು `Databases` ಫೋಲ್ಡರ್ ಒಂದನ್ನೇ ಎಳೆದೆ. ಒಂದು ಗಿಗಾಬೈಟೂ ಇರಲಿಲ್ಲ, ಒಂದೆರಡು ನಿಮಿಷ ಸಾಕಾಯಿತು. ಹೊಸಬರು ಇಲ್ಲಿ ಇಡೀ ವಾಟ್ಸಾಪ್ ಫೋಲ್ಡರ್ ಎಳೆಯಲು ಹೋಗಿ, 11 ಜಿಬಿ ಫೋಟೋ ವಿಡಿಯೋ ಮಧ್ಯೆ ಫೋನ್ ಆಫ್ ಆಗಿ, ಬೇಕಾದ್ದು ಕಳೆದುಕೊಳ್ಳುತ್ತಾರೆ.

ಆದರೆ ಡೇಟಾಬೇಸ್‌ನಲ್ಲಿ ಬರೀ ಅಕ್ಷರ ಇರೋದು. ಫೋಟೋ, ವಾಯ್ಸ್ ಎಲ್ಲ ಬೇರೆ ಫೈಲು. ಎರಡನೇ ಸಲ ಆನ್ ಆದಾಗ `Media` ಒಳಗಿನ `WhatsApp Voice Notes` ಎಳೆದೆ. ಅದರಲ್ಲಿ ವಾರಕ್ಕೊಂದು ಫೋಲ್ಡರ್, ಫೈಲಿನ ಹೆಸರಲ್ಲೇ ತಾರೀಕು ಇರುತ್ತೆ: `PTT`, ವರ್ಷ, ತಿಂಗಳು, ದಿನ, ಕೊನೆಗೆ `WA` ಅಂತ ನಂಬರು. ಈ ಫೈಲುಗಳಿಗೆ ಬೀಗವೂ ಇಲ್ಲ, ಕಂಪ್ಯೂಟರಿನಲ್ಲೇ ಕೇಳಬಹುದು. ಮಾರ್ಚ್ ವಾರಗಳನ್ನು ಒಂದೊಂದೇ ಹಾಕುತ್ತಾ ಹೋದೆ. ಎಂಟನೆಯದೋ ಒಂಬತ್ತನೆಯದೋ ಇರಬೇಕು, "ಇಪ್ಪತ್ತೇಳಕ್ಕೇ ಹಾಕಣ ಗೌಡ್ರೇ, ನೀವು ತಲೆ ಕೆಡಿಸ್ಕೋಬೇಡಿ" ಅಂತ ದನಿ ಬಂತು.

ಅಲ್ಲಿಗೆ ಸಾಕಾಗಿತ್ತು. ಆದರೆ ಅದೇ ಚಾಟ್‌ನೊಳಗೆ ಕಂಡರೆ ತಾನೇ ಯಾರು ಕಳಿಸಿದ್ದು ಅಂತ ಗೊತ್ತಾಗೋದು. ಹೊಸ ಫೋನಿಗೆ ಹಾಕಬೇಕು. ಅದರಲ್ಲಿ ಐದು ದಿನದ ಹೊಸ ಮೆಸೇಜುಗಳಿದ್ದವು. ಹಳೇ ನಕಲು ಹಾಕಿದರೆ ಅವು ಹೋಗುತ್ತವೆ, ಎರಡೂ ಸೇರಲ್ಲ. ಅದಕ್ಕೇ ಮುಖ್ಯವಾದ ನಾಲ್ಕೈದು ಚಾಟ್‌ಗಳನ್ನು `Export chat` ಒತ್ತಿ ಮೊದಲೇ ಹೊರಗೆ ತೆಗೆದಿಟ್ಟೆ. ಆಮೇಲೆ ಆಪ್ ಕಿತ್ತು, ಮತ್ತೆ ಹಾಕಿ, ತೆರೆಯದೆ, ನಾನು ಎಳೆದಿಟ್ಟ ಎರಡೂ ಫೋಲ್ಡರುಗಳನ್ನು ಹಳೇ ಫೋನಿನಲ್ಲಿ ಇದ್ದ ಜಾಗಕ್ಕೇ ಹಾಕಿದೆ. ಫೋನಿನಲ್ಲಿ ಇದ್ದ ಜಿಮೇಲ್ ತೆಗೆದು ಅಂಗಡಿಯದು ಇಟ್ಟೆ. ಇಲ್ಲದಿದ್ದರೆ ಮಗ ಬಿಟ್ಟುಹೋದ ಖಾಲಿ ಡ್ರೈವ್ ಬ್ಯಾಕಪ್ ಇದ್ದರೆ ಅದೇ ಮೊದಲು ಎದುರಿಗೆ ಬಂದು ನಿಲ್ಲುತ್ತೆ.

ಓಟಿಪಿ ಹಾಕಿದೆ. ಬ್ಯಾಕಪ್ ಸಿಕ್ಕಿತು ಅಂತ ತೋರಿಸಿತು. `Restore` ಒತ್ತಿದೆ. ಹದಿನೆಂಟು ಸಾವಿರ ಚಿಲ್ಲರೆ ಮೆಸೇಜು.

ಒಂದು ವೇಳೆ ಕೊನೆಯ ಫೈಲು ಕೆಟ್ಟಿದ್ದರೆ ಹಿಂದಿನ ದಿನದ ನಕಲಿನ ಹೆಸರು ಬದಲಿಸಿ ಹಾಕಬಹುದು. ತಾರೀಕು ಮತ್ತು `.1` ತೆಗೆಯಬೇಕು, ಕೊನೆಯ ಅಂಕಿ 14 ಇದ್ದರೆ 14, 15 ಇದ್ದರೆ 15, ಹಾಗೇ ಇರಲಿ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ನನ್ನದೇ ನಂಬರಿನಲ್ಲಿ ಟೆಲಿಗ್ರಾಂ ಮತ್ತು ಸಿಗ್ನಲ್ ಹಾಕಿ, ಬ್ಯಾಕಪ್ ಏನೂ ಮಾಡದೆ ಒಂದು ಹಳೇ ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಲಾಗಿನ್ ಆದೆ. ಟೆಲಿಗ್ರಾಂನಲ್ಲಿ ಹಳೇದೆಲ್ಲ ತಾನಾಗಿ ಬಂತು, ಯಾಕೆಂದರೆ ಅದರಲ್ಲಿ ಮೆಸೇಜು ನಿಜವಾಗಲೂ ಕಂಪನಿಯ ಸರ್ವರ್‌ನಲ್ಲೇ ಇರುತ್ತೆ. ಸೀಕ್ರೆಟ್ ಚಾಟ್ ಮಾತ್ರ ಬರಲಿಲ್ಲ, ಅದು ಫೋನಿನಲ್ಲೇ ಉಳಿಯೋದು. ಸಿಗ್ನಲ್‌ನಲ್ಲಿ ಖಾಲಿ. ಗೌಡರ ಮಗ ಹೇಳಿದ ಮಾತು ಟೆಲಿಗ್ರಾಂಗೆ ಸರಿ ಇತ್ತು, ಆಪ್ ತಪ್ಪಿತ್ತು.

ಎಲ್ಲ ಸೇರಿ 1,800 ತಗೊಂಡೆ. ಗೌಡರು ಚೌಕಾಸಿ ಮಾಡದೆ ಕೊಟ್ಟರು, ಮೇಲಿಂದ ಅರ್ಧ ಕೆಜಿ ಕಾಳುಮೆಣಸು.

ಇನ್ನು ಡ್ರೈವ್ ಬ್ಯಾಕಪ್ ಸರಿ ಮಾಡಿಕೊಡೋಣ ಅಂತ ಹಳೇ ಫೋನಿನ ಜಿಮೇಲ್ ಪಾಸ್‌ವರ್ಡ್ ಕೇಳಿದೆ. ಗೊತ್ತಿಲ್ಲ. ಮಗನಿಗೆ ಫೋನ್ ಮಾಡಿದರು, ಅವನಿಗೂ ಗೊತ್ತಿಲ್ಲ. ನೋಡಿದರೆ ಆ ಜಿಮೇಲ್ ಮಾಡಿಕೊಟ್ಟದ್ದು ಫೋನ್ ಮಾರಿದ ಅಂಗಡಿಯ ಹುಡುಗ, ರಿಕವರಿ ನಂಬರ್ ಅವನದೇ. ಅವನು ಈಗ ಆ ಅಂಗಡಿಯಲ್ಲೂ ಇಲ್ಲ. ಹೊಸ ಜಿಮೇಲ್ ಮಾಡಿ, ಪಾಸ್‌ವರ್ಡನ್ನು ಗೌಡರ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿದೆ. ವಿಡಿಯೋ ಬೇಡ ಅಂತ ಹಾಕಿ, ಮೊಬೈಲ್ ಡೇಟಾದಲ್ಲೂ ಬ್ಯಾಕಪ್ ಹೋಗೋ ಹಾಗೆ ಬದಲಿಸಿದೆ. ಮೊದಲ ಬ್ಯಾಕಪ್ ಅಂಗಡಿಯ ವೈಫೈನಲ್ಲೇ ಮುಗಿಸಿಕೊಂಡು ಅವರು ಕೊನೇ ಬಸ್ಸಿಗೆ ಹೋದರು.