15 ಅಂಕದ ಒಂದು ಪ್ರಶ್ನೆಗೆ ನಾನು ರೂಬ್ರಿಕ್ ಮಾಡಿಕೊಂಡ ಬಗೆ

ಪದವಿ ತರಗತಿಗೆ ಆಧುನಿಕ ಮೈಸೂರಿನ ಇತಿಹಾಸ ಪಾಠ ಮಾಡುವಾಗ ನಾನು ಇಂಟರ್ನಲ್ ಪರೀಕ್ಷೆಯಲ್ಲಿ ಕೇಳುವ ಒಂದು ಪ್ರಶ್ನೆ ಇದೆ. "1831ರಲ್ಲಿ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ವಹಿಸಿಕೊಳ್ಳಲು ನಗರ ದಂಗೆಯೊಂದೇ ಕಾರಣವೇ? ಚರ್ಚಿಸಿ." ಇಲ್ಲಿ ನಗರ ಅಂದರೆ ಪಟ್ಟಣ ಅಲ್ಲ, ಮಲೆನಾಡಿನ ನಗರ ಪ್ರಾಂತ್ಯ. ಅಲ್ಲಿನ ರೈತರು ಎದ್ದದ್ದೇ ಈ ದಂಗೆ. ಪ್ರಶ್ನೆಗೆ 15 ಅಂಕ. ಉತ್ತರ ಮೂರು ನಾಲ್ಕು ಪುಟ ಬರುತ್ತದೆ. ಇದನ್ನು ತಿದ್ದಲು ರೂಬ್ರಿಕ್, ಅಂದರೆ ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವ ಹಾಳೆ, ಹೇಗೆ ಮಾಡಿಕೊಂಡೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತಿರುವ ವ್ಯಾಲ್ಯುಯೇಷನ್ ಸ್ಕೀಮ್. ಪೀಠಿಕೆಗೆ 2, ಉಪಸಂಹಾರಕ್ಕೆ 2, ನಡುವೆ ಒಂದೊಂದು ಅಂಶಕ್ಕೂ ಒಂದೊಂದು ಅಂಕ. ಕಂದಾಯದ ಹೊರೆ ಅಂತ ಬರೆದಿದ್ದಾರಾ, ಟಿಕ್. ಅಧಿಕಾರಿಗಳ ಲಂಚ, ಟಿಕ್. ದಂಗೆಯ ನಾಯಕ ಬೂದಿ ಬಸವಪ್ಪ, ಟಿಕ್. ತಿದ್ದುವವರಿಗೆ ಇದು ಬೇಗ ಆಗುತ್ತದೆ. ಆದರೆ ನನ್ನ ಪ್ರಶ್ನೆ ಕಾರಣಗಳ ಪಟ್ಟಿ ಕೇಳುತ್ತಿಲ್ಲ. ದಂಗೆ "ಒಂದೇ ಕಾರಣವೇ" ಅಂತ ಕೇಳುತ್ತಿದೆ. ಗೈಡಿನಲ್ಲಿರುವ ಎಂಟು ತಲೆಬರಹಗಳನ್ನು ಬಾಯಿಪಾಠ ಮಾಡಿ ಬರೆದ ಹುಡುಗನಿಗೆ 12 ಬರುತ್ತಿತ್ತು. ಮೂರೇ ಕಾರಣ ಹಿಡಿದು, ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಅಂತ ಯೋಚಿಸಿ ಬರೆದ ಹುಡುಗಿಗೆ 7 ಬರುತ್ತಿತ್ತು. ಪ್ರಶ್ನೆ ಕೇಳುವುದು ಒಂದು, ಅಂಕ ಕೊಡುವುದು ಇನ್ನೊಂದಕ್ಕೆ ಅಂತ ಆಗಿತ್ತು.

ಹಾಗಾಗಿ ಹಳೆಯ ಉತ್ತರ ಪತ್ರಿಕೆಗಳಿಂದಲೇ ಶುರು ಮಾಡಿದೆ. ಹೆಸರು, ರಿಜಿಸ್ಟರ್ ನಂಬರ್ ಕಾಣದ ಹಾಗೆ ಮೊದಲ ಪುಟ ಮಡಿಸಿ, ಅಂಕ ಹಾಕದೆ ಸುಮ್ನೆ ಓದಿದೆ. ಓದಿದ ಮೇಲೆ ನಾಲ್ಕು ಗುಡ್ಡೆ ಮಾಡಿದೆ: ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದವು, ಪರವಾಗಿಲ್ಲ ಅನ್ನಿಸಿದವು, ವಿಷಯ ಇದ್ದೂ ಉತ್ತರ ಇಲ್ಲದವು, ಏನೂ ಇಲ್ಲದವು. ಆಮೇಲೆ ಪಕ್ಕಪಕ್ಕದ ಗುಡ್ಡೆಗಳಿಂದ ಒಂದೊಂದು ಪತ್ರಿಕೆ ಎತ್ತಿಕೊಂಡು, "ಇದು ಅಲ್ಲಿಗೆ ಯಾಕೆ ಹೋಯಿತು, ಅದು ಇಲ್ಲಿಗೆ ಯಾಕೆ ಬಂತು" ಅಂತ ಒಂದು ವಾಕ್ಯ ಬರೆದುಕೊಂಡೆ. ಆ ವಾಕ್ಯಗಳೇ ಮುಂದೆ ರೂಬ್ರಿಕ್ ಆದವು. ಎರಡನೇ ಮತ್ತು ಮೂರನೇ ಗುಡ್ಡೆಯ ನಡುವಿನ ವ್ಯತ್ಯಾಸ ಮಾಹಿತಿಯದ್ದಲ್ಲ ಅಂತ ಇದರಿಂದ ತಿಳಿಯಿತು. ಮಾಹಿತಿ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಇತ್ತು. ಜೋಡಣೆ ಮಾತ್ರ ಬೇರೆ.

ಕೊನೆಗೆ ನಾಲ್ಕು ಸಾಲು ಉಳಿದವು. ಪ್ರಶ್ನೆಗೆ ನೇರ ನಿಲುವು ತೆಗೆದುಕೊಂಡಿದ್ದಾರಾ ಅನ್ನುವುದಕ್ಕೆ 4 ಅಂಕ. ಕಾರಣಗಳನ್ನು ಪರಿಣಾಮಕ್ಕೆ ಜೋಡಿಸಿದ್ದಾರಾ ಅನ್ನುವುದಕ್ಕೆ 5. ಖಚಿತವಾದ ಆಧಾರ ಕೊಟ್ಟಿದ್ದಾರಾ ಅನ್ನುವುದಕ್ಕೆ 4. ಓದಿಸಿಕೊಂಡು ಹೋಗುವ ಕ್ರಮಕ್ಕೆ 2. ಪೀಠಿಕೆಗೆ, ಉಪಸಂಹಾರಕ್ಕೆ ಬೇರೆ ಅಂಕ ಇಡಲಿಲ್ಲ. ಪೀಠಿಕೆಯಲ್ಲಿ ನಿಲುವು ಇದ್ದರೆ ಅದಕ್ಕೆ ಮೊದಲ ಸಾಲಿನಲ್ಲೇ ಅಂಕ ಸಿಗುತ್ತದೆ. ಕಾಗುಣಿತದ ತಪ್ಪಿಗೆ ಎಲ್ಲೂ ಕಳೆಯುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮನೆಯಲ್ಲಿ ಓದುವವರೇ ಇಲ್ಲದ ಕಡೆಯಿಂದ ಬಂದವರು. ಇತಿಹಾಸದ ಪತ್ರಿಕೆಯಲ್ಲಿ ಒತ್ತಕ್ಷರಕ್ಕೆ ದಂಡ ಹಾಕುವುದು ನ್ಯಾಯ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಜಾಸ್ತಿ ಹೊತ್ತು ಹಿಡಿದದ್ದು ಎರಡನೇ ಸಾಲು. "ಉತ್ತಮ ವಿಶ್ಲೇಷಣೆ: 5, ಸಾಧಾರಣ ವಿಶ್ಲೇಷಣೆ: 3" ಅಂತ ಬರೆದರೆ ಏನೂ ಹೇಳಿದಂತೆ ಆಗುವುದಿಲ್ಲ. ನನಗೆ ಉತ್ತಮ ಅನ್ನಿಸಿದ್ದು ನನ್ನ ಸಹೋದ್ಯೋಗಿಗೆ ಸಾಧಾರಣ ಅನ್ನಿಸಬಹುದು ಅಲ್ವಾ? ಹಾಗಾಗಿ ಪತ್ರಿಕೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಮಾತುಗಳನ್ನೇ ಬರೆಯಬೇಕು ಅಂತ ತೀರ್ಮಾನ ಮಾಡಿದೆ.

ಶರತ್ತು ಪದ್ಧತಿಯನ್ನೇ ನೋಡಿ. ಈ ಪದ್ಧತಿಯಲ್ಲಿ ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರ ಇಷ್ಟು ಕಂದಾಯ ತಂದುಕೊಡುತ್ತೇನೆ ಅಂತ ಸರ್ಕಾರಕ್ಕೆ ಒಪ್ಪಿಕೊಳ್ಳಬೇಕು. ವಸೂಲಿ ಕಡಿಮೆಯಾದರೆ ಉಳಿದದ್ದನ್ನು ಅವನೇ ಕಟ್ಟಬೇಕು. ಒಬ್ಬ ವಿದ್ಯಾರ್ಥಿ, "ಶರತ್ತು ಪದ್ಧತಿ ಜಾರಿಯಲ್ಲಿತ್ತು. ಆದ್ದರಿಂದ ರೈತರು ದಂಗೆ ಎದ್ದರು" ಅಂತ ಬರೆಯುತ್ತಾನೆ. ಇನ್ನೊಬ್ಬಳು, "ಒಪ್ಪಿದ ಹಣ ಕಡಿಮೆಯಾದರೆ ಅಮಲ್ದಾರನೇ ಕಟ್ಟಬೇಕಿತ್ತು. ಅದಕ್ಕೆ ಅವನು ರೈತರನ್ನು ಹಿಂಡಿದ. ದೂರು ಕೇಳುವವರೂ ಅವನ ಕಡೆಯವರೇ ಆದಾಗ ರೈತರು ಕೂಟ ಸೇರಿ ಕಂದಾಯ ಕಟ್ಟುವುದಿಲ್ಲ ಅಂದರು" ಅಂತ ಬರೆಯುತ್ತಾಳೆ. ಮೊದಲನೆಯದರಲ್ಲಿ "ಆದ್ದರಿಂದ" ಇದೆ, ಆದರೆ ನಡುವಿನ ಮೆಟ್ಟಿಲು ಇಲ್ಲ. ಎರಡನೆಯದರಲ್ಲಿ ಆ ಪದವೇ ಇಲ್ಲ, ಮೆಟ್ಟಿಲು ಇದೆ. ಹಾಗಾಗಿ ರೂಬ್ರಿಕ್‌ನಲ್ಲಿ ಹೀಗೆ ಬರೆದೆ: ಕಾರಣಗಳ ಹೆಸರು ಮಾತ್ರ ಇದ್ದರೆ 1. ಹೆಸರಿನ ಜೊತೆ ವಿವರಣೆ ಇದ್ದು, ಮೆಟ್ಟಿಲು ಇಲ್ಲದಿದ್ದರೆ 2. ಒಂದು ಕಾರಣಕ್ಕಾದರೂ ನಡುವಿನ ಮೆಟ್ಟಿಲು ತೋರಿಸಿದ್ದರೆ 3. ಎರಡು ಅಥವಾ ಹೆಚ್ಚು ಕಾರಣಗಳಿಗೆ ತೋರಿಸಿದ್ದರೆ 4. ಅದರ ಮೇಲೆ, ಬಹಳ ದಿನದಿಂದ ಇದ್ದ ಕಾರಣ ಯಾವುದು, ಆ ಹೊತ್ತಿನಲ್ಲಿ ಕಿಡಿ ಹೊತ್ತಿಸಿದ್ದು ಯಾವುದು ಅಂತ ಬೇರೆ ಮಾಡಿದ್ದರೆ 5.

ಈ ಪ್ರಶ್ನೆಯಲ್ಲಿ ಜೋಡಣೆಗೆ ಎರಡು ಹಂತ ಇದೆ ಅನ್ನುವುದನ್ನು ಅನೇಕ ವಿದ್ಯಾರ್ಥಿಗಳು ಮರೆಯುತ್ತಾರೆ. ದಂಗೆ ಯಾಕಾಯಿತು ಅನ್ನುವುದು ಒಂದು. ದಂಗೆಯಿಂದ ಆಡಳಿತ ಯಾಕೆ ಅರಸರ ಕೈಬಿಟ್ಟು ಹೋಯಿತು ಅನ್ನುವುದು ಇನ್ನೊಂದು. ಅಡಗಿಸಿದ ದಂಗೆಗೆಲ್ಲ ರಾಜ್ಯ ಹೋಗುವುದಿಲ್ಲ. 1799ರ ಸಹಾಯಕ ಸೈನ್ಯ ಒಪ್ಪಂದದ ಪ್ರಕಾರ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ ಕೊಡಬೇಕಿತ್ತು. ಆ ಹಣ ನಿಂತುಹೋಗುವ ಭಯ ಇದ್ದರೆ ಗವರ್ನರ್ ಜನರಲ್ ಆಡಳಿತವನ್ನೇ ವಹಿಸಿಕೊಳ್ಳಬಹುದು ಅಂತ ಒಪ್ಪಂದದಲ್ಲಿ ದಾರಿ ಇತ್ತು. ಆಗಿನ ಗವರ್ನರ್ ಜನರಲ್ ಬೆಂಟಿಂಕ್ ಹಿಡಿದದ್ದು ಆ ದಾರಿಯನ್ನು. ಈ ಎರಡನೇ ಹಂತ ಇಲ್ಲದ ಉತ್ತರ ಎಷ್ಟೇ ಚೆನ್ನಾಗಿದ್ದರೂ ಅದು "ನಗರ ದಂಗೆಯ ಕಾರಣಗಳು" ಅನ್ನುವ ಬೇರೆ ಪ್ರಶ್ನೆಗೆ ಉತ್ತರ. ಅಂಥ ಉತ್ತರಕ್ಕೆ ಎರಡನೇ ಸಾಲಿನಲ್ಲಿ 3ಕ್ಕಿಂತ ಮೇಲೆ ಇಲ್ಲ ಅಂತ ಒಂದು ಮಿತಿ ಸೇರಿಸಿದೆ.

ಮೊದಲ ಸಾಲಿನ ಬಗ್ಗೆ ಒಂದು ಎಚ್ಚರಿಕೆ ಬೇಕು. "ದಂಗೆಯೊಂದೇ ಕಾರಣ ಅಲ್ಲ" ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಅಂಕ ಇಲ್ಲ. "ಒಪ್ಪಂದ 32 ವರ್ಷದಿಂದ ಇತ್ತು, ಅರಸರ ಸಾಲವೂ ಹಳೆಯದೇ, ದಂಗೆ ಆಗದಿದ್ದರೆ ಆ ದಾರಿ ಹಿಡಿಯಲು ನೆಪವೇ ಇರಲಿಲ್ಲ" ಅಂತ ವಾದಿಸಿದವನಿಗೂ ಪೂರ್ತಿ ಅಂಕ ಸಿಗಬೇಕು. ನಿಲುವು ಹೇಳಿ, ಕೊನೆಯವರೆಗೂ ಅದನ್ನು ಬಿಡದೆ, ಎದುರು ವಾದವನ್ನೂ ಮುಟ್ಟಿದ್ದರೆ 4. ಎದುರು ವಾದ ಇಲ್ಲದಿದ್ದರೆ 3. ನಿಲುವು ಕೊನೆಯ ಪ್ಯಾರಾದಲ್ಲಿ ಮಾತ್ರ ಕಂಡರೆ 2. ಓದುವವರೇ ಊಹಿಸಿಕೊಳ್ಳಬೇಕಾದರೆ 1.

ಮೂರನೇ ಸಾಲಿನಲ್ಲಿ ಆಧಾರ ಅಂದರೆ ಹೆಸರು, ಇಸವಿ, ಸ್ಥಳ, ಮೊತ್ತ, ಒಪ್ಪಂದದ ಅಂಶ. "ರೈತರಿಗೆ ತುಂಬಾ ಕಷ್ಟ ಇತ್ತು" ಅನ್ನುವುದು ಆಧಾರ ಅಲ್ಲ, ಅದು ಯಾವ ರಾಜ್ಯದ ಯಾವ ದಂಗೆಗೂ ಹೊಂದುತ್ತದೆ. ಬೂದಿ ಬಸವಪ್ಪ ತಾನು ಕೆಳದಿ ಅರಸರ ವಾರಸುದಾರ ಅಂತ ಹೇಳಿಕೊಂಡ, ತರೀಕೆರೆಯ ಪಾಳೆಯಗಾರರು ಸೇರಿಕೊಂಡರು ಅನ್ನುವುದು ಆಧಾರ.

ಇಸವಿ ತಪ್ಪಾದರೆ ಏನು ಮಾಡಬೇಕು? ಇದು ನಮ್ಮ ವಿಷಯಕ್ಕೇ ಸೇರಿದ ಸಮಸ್ಯೆ. ಎಲ್ಲ ತಪ್ಪು ಇಸವಿಗಳೂ ಒಂದೇ ಅಲ್ಲ. ಆಡಳಿತ ವಹಿಸಿಕೊಂಡ ಮೇಲೆ ಕಂಪನಿ ಒಂದು ವಿಚಾರಣಾ ಸಮಿತಿ ಮಾಡಿತು, ಅದರ ವರದಿ ಬಂದದ್ದು 1833ರಲ್ಲಿ. ಯಾರಾದರೂ 1833ರ ಬದಲು 1834 ಅಂತ ಬರೆದರೆ ಅದು ಮರೆವು. ವಾದಕ್ಕೆ ಏಟು ಬೀಳುವುದಿಲ್ಲ, ಮೂರನೇ ಸಾಲಿನಲ್ಲಿ ಆ ಒಂದು ಆಧಾರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಾಕು. ಆದರೆ "ಸಮಿತಿಯ ವರದಿ ನೋಡಿ ಬೆಂಟಿಂಕ್ ಆಡಳಿತ ವಹಿಸಿಕೊಂಡ" ಅಂತ ಬರೆದರೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿ ಕಾರಣವೇ ತಿರುಗಿ ಹೋಗುತ್ತದೆ. ಅದು ಎರಡನೇ ಸಾಲಿನ ತಪ್ಪು. ಯಾವ ತಪ್ಪಿಗೂ ಎರಡು ಕಡೆ ಕಳೆಯಬಾರದು ಅನ್ನುವ ನಿಯಮವನ್ನೂ ರೂಬ್ರಿಕ್‌ನ ತಲೆಯ ಮೇಲೆಯೇ ಬರೆದೆ. ಈ ನಿಯಮ ಇಲ್ಲದಿದ್ದರೆ ಒಂದು ಎಡವಟ್ಟಿಗೆ ಎರಡು ಮೂರು ಅಂಕ ಹಾರಿಹೋಗುತ್ತದೆ, ತಿದ್ದುವವರಿಗೆ ಗೊತ್ತೂ ಆಗುವುದಿಲ್ಲ.

ರೂಬ್ರಿಕ್ ಕೆಲಸ ಮಾಡುತ್ತದಾ ಅಂತ ತಿಳಿಯಲು ವಿಭಾಗದ ಒಬ್ಬ ಮೇಡಂ ಸಹಾಯ ಮಾಡಿದರು. ಕೆಲವು ಪತ್ರಿಕೆಗಳನ್ನು ಜೆರಾಕ್ಸ್ ಮಾಡಿಸಿ ಇಬ್ಬರೂ ಬೇರೆ ಬೇರೆ ಕೂತು ತಿದ್ದಿದೆವು. ಒಟ್ಟು ಅಂಕವನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಒಂದು ಪತ್ರಿಕೆಗೆ ಇಬ್ಬರೂ 9 ಕೊಟ್ಟಿದ್ದೆವು, ಆದರೆ ನಾನು ಆಧಾರಕ್ಕೆ ಕೊಟ್ಟದ್ದನ್ನು ಅವರು ಜೋಡಣೆಗೆ ಕೊಟ್ಟಿದ್ದರು. ಆದ್ದರಿಂದ ಸಾಲು ಸಾಲಾಗಿ ಹೋಲಿಸಿದೆವು. ಒಂದು ಅಂಕದ ವ್ಯತ್ಯಾಸ ಬಂದರೆ ಬಿಟ್ಟೆವು. ಎರಡು ಬಂದರೆ ಪತ್ರಿಕೆ ತೆರೆದು ಕೂತೆವು.

"ಸರ್, ಈ ಹುಡುಗ ಕ್ರಮವಾಗಿ ಬರೆದಿಲ್ಲ, ಆದರೆ ಮೆಟ್ಟಿಲು ಇದೆ. ಪುಟ 2ರಲ್ಲಿ ಅರ್ಧ, ಪುಟ 4ರಲ್ಲಿ ಅರ್ಧ. ಕೊಡೋದಾ?" ಅಂತ ಅವರು ಕೇಳಿದರು. ಕೊಡಬೇಕು ಅಂತ ತೀರ್ಮಾನಿಸಿದೆವು. ಕ್ರಮಕ್ಕೆ ನಾಲ್ಕನೇ ಸಾಲು ಇದ್ದೇ ಇದೆಯಲ್ಲ. "ಮೆಟ್ಟಿಲು ಉತ್ತರದ ಯಾವ ಭಾಗದಲ್ಲಿದ್ದರೂ ಸರಿ" ಅನ್ನುವ ಮಾತು ರೂಬ್ರಿಕ್‌ಗೆ ಸೇರಿದ್ದು ಹೀಗೆ.

ಈಗ ಆ ಎರಡು ಬಗೆಯ ಉತ್ತರಗಳನ್ನು ಹೊಸ ರೂಬ್ರಿಕ್‌ನಲ್ಲಿ ಹಾಕಿ ನೋಡಿ. ಎಂಟು ತಲೆಬರಹದ ಉತ್ತರಕ್ಕೆ ನಿಲುವಿನಲ್ಲಿ 1, ಜೋಡಣೆಯಲ್ಲಿ 2, ಆಧಾರದಲ್ಲಿ 3, ಕ್ರಮದಲ್ಲಿ 2. ಒಟ್ಟು 8. ಅವನು ಓದಿದ್ದಾನೆ, ಅದಕ್ಕೆ ಬೆಲೆ ಸಿಕ್ಕಿದೆ. ಮೂರು ಕಾರಣದ ಉತ್ತರದಲ್ಲಿ ಎದುರು ವಾದ ಇಲ್ಲ, ಹಾಗಾಗಿ ನಿಲುವಿಗೆ 3. ಶರತ್ತು ಪದ್ಧತಿಗೂ ಒಪ್ಪಂದಕ್ಕೂ ಮೆಟ್ಟಿಲು ಇದೆ, ಆದರೆ ಹಳೆಯ ಕಾರಣ, ತಕ್ಷಣದ ಕಾರಣ ಬೇರೆ ಮಾಡಿಲ್ಲ. ಜೋಡಣೆಗೆ 4. ಖಚಿತ ಆಧಾರ ಎರಡೇ, ಅದಕ್ಕೆ 2. ಕ್ರಮಕ್ಕೆ 2. ಒಟ್ಟು 11.

ರೂಬ್ರಿಕ್ ಅನ್ನು ಪರೀಕ್ಷೆಗೆ ಮೊದಲೇ ತರಗತಿಯಲ್ಲಿ ಕೊಡುತ್ತೇನೆ. ಬರೀ ಹಾಳೆ ಕೊಟ್ಟರೆ ಸಾಲದು. ಮಾದರಿ ಪ್ಯಾರಾಗಳನ್ನು ಬೋರ್ಡಿನ ಮೇಲೆ ಬರೆದು, ಇದಕ್ಕೆ ಎರಡನೇ ಸಾಲಿನಲ್ಲಿ ಎಷ್ಟು ಅಂತ ಅವರಿಂದಲೇ ಹೇಳಿಸುತ್ತೇನೆ. ಒಂದು ಸಲ ತಾವೇ ತಿದ್ದಿದ ಮೇಲೆ "ಆದ್ದರಿಂದ" ಅಂತ ಸೇರಿಸಿಬಿಟ್ಟರೆ ಮುಗಿಯಲಿಲ್ಲ ಅನ್ನುವುದು ಅವರಿಗೆ ಬೇಗ ಹೊಳೆಯುತ್ತದೆ.

ಇದೇ ಹಾಳೆಯನ್ನು ಎಲ್ಲ ಪ್ರಶ್ನೆಗೂ ಬಳಸಲು ಬರುವುದಿಲ್ಲ. ಆಮೇಲೆ ಮೈಸೂರಿನ ಕಮಿಷನರ್ ಆದ ಕಬ್ಬನ್ ಬಗ್ಗೆ "ಕಬ್ಬನ್ ಆಡಳಿತದ ಸುಧಾರಣೆಗಳನ್ನು ವಿವರಿಸಿ" ಅಂದರೆ ಅಲ್ಲಿ ನಿಲುವು ಕೇಳಿಯೇ ಇಲ್ಲ, ಮೊದಲ ಸಾಲು ತೆಗೆಯಬೇಕು, ಆಧಾರದ ಅಂಕ ಹೆಚ್ಚಿಸಬೇಕು. ಇನ್ನು ನಾವು ಯೋಚಿಸದೇ ಇದ್ದ ವಾದ ಬಂದರೆ ಏನು ಮಾಡುವುದು? ಹಾಳೆಯ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದೇನೆ. ಅಂಥ ಪತ್ರಿಕೆ ಬಂದರೆ ಅಂಕ ಹಾಕದೆ ಪಕ್ಕಕ್ಕಿಟ್ಟು, ಬಂಡಲ್ ಮುಗಿದ ಮೇಲೆ ಇಬ್ಬರೂ ಸೇರಿ ಓದುತ್ತೇವೆ, ತೀರ್ಮಾನವನ್ನು ಆ ಜಾಗದಲ್ಲಿ ಬರೆದಿಡುತ್ತೇವೆ. ಮುಂದಿನ ಸೆಮಿಸ್ಟರ್‌ನಲ್ಲಿ ರೂಬ್ರಿಕ್ ತಿದ್ದುವಾಗ ಮೊದಲು ನೋಡುವುದು ಅದನ್ನೇ.