ಗ್ರೆಪ್ಪೂ ಬೇಡ, ಪದಸೂಚಿಯೂ ಬೇಡ: ಸಫಿಕ್ಸ್ ಅರೇಯಲ್ಲಿ ಕನ್ನಡ ಹುಡುಕಿಸಿದ ನನ್ನ ಅನುಭವ

ಹಳೆಗನ್ನಡ, ವಚನ, ಪತ್ರಿಕೆ ಎಲ್ಲ ಸೇರಿ 60 ಎಂಬಿಗೆ ಸ್ವಲ್ಪ ಮೇಲ್ಪಟ್ಟ ಪಠ್ಯ ನನ್ನದು. ಅದರಲ್ಲಿ ಹುಡುಕಲು ಗ್ರೆಪ್ ಹಾಕಿದರೆ ಪ್ರತಿ ಸಲ ಇಡೀ ಪಠ್ಯ ಓದಬೇಕು. ಪದಗಳ ಇಂಡೆಕ್ಸ್ ಮಾಡಿದರೆ ಸಾಕು ಎಂದು ಗೆಳೆಯರು ಹಟ ಹಿಡಿದಿದ್ದರು. ಆದರೆ ‘ಮನೆ’ ಎಂದು ಕೇಳಿದವನಿಗೆ ‘ಸೆರೆಮನೆಯಿಂದ’ ಕೂಡ ಸಿಗಬೇಕು, ಪದಸೂಚಿ ಅದನ್ನು ಕೊಡುವುದಿಲ್ಲ. ಅದಕ್ಕೇ ಪಠ್ಯದ ಪ್ರತಿ ಸ್ಥಾನದಿಂದ ಶುರುವಾಗುವ ಬಾಲಗಳನ್ನೆಲ್ಲ ವಿಂಗಡಿಸಿಡುವ ದಾರಿ ಹಿಡಿದೆ. ಇದೇ ಸಫಿಕ್ಸ್ ಅರೇ. ಕೇಳಿದ ಅಕ್ಷರಗಳಿಂದ ಶುರುವಾಗುವ ಬಾಲಗಳೆಲ್ಲ ಅದರಲ್ಲಿ ಒಟ್ಟಿಗೇ ಇರುತ್ತವೆ, ಆ ಗುಂಪಿನ ಎರಡು ತುದಿ ಹಿಡಿಯಲು ಎರಡು ಬೈನರಿ ಸರ್ಚ್ ಸಾಕು.

ಮೊದಲು `std::sort` ಹಾಕಿ ನೋಡಿದೆ. ಪತ್ರಿಕೆಯ ಭಾಗ ಸಲೀಸಾಗಿ ಮುಗಿಯಿತು, ವಚನದ ಭಾಗ ಮುಗಿಯಲೇ ಇಲ್ಲ. ಒಂದೇ ಸಂಕಲನ ಎರಡು ಕಡತಗಳಲ್ಲಿ ಇತ್ತು. ಅಂಥ ಕಡೆ ಎರಡು ಬಾಲಗಳ ವ್ಯತ್ಯಾಸ ತಿಳಿಯಲು ಲಕ್ಷಗಟ್ಟಲೆ ಅಕ್ಷರ ಹೋಲಿಸಬೇಕಾಗುತ್ತದೆ. ಸಫಿಕ್ಸ್ ಅರೇ ಕಟ್ಟಲೆಂದೇ ಇರುವ `libdivsufsort` ಲೈಬ್ರರಿ ತಂದ ಮೇಲೆ ಆ ಕಾಟ ತಪ್ಪಿತು.

ಆಮೇಲೆ ದುಡ್ಡಿನ ಮಾತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಬೈಟಿಗೊಂದು ಬಾಲ, ಬಾಲಕ್ಕೆ ನಾಲ್ಕು ಬೈಟ್ ಎಂದರೆ ಒಟ್ಟು 300 ಎಂಬಿ ದಾಟುತ್ತದೆ. 512 ಎಂಬಿಯ ಬಾಡಿಗೆ ಯಂತ್ರದಲ್ಲಿ ಉಳಿದದ್ದಕ್ಕೆ ಜಾಗವೇ ಇರಲಿಲ್ಲ, ದೊಡ್ಡದಕ್ಕೆ ತಿಂಗಳ ಬಾಡಿಗೆ ಹೆಚ್ಚುಕಡಿಮೆ ಮೂರು ಪಟ್ಟು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಇರುವುದು 128 ಸ್ಥಾನ. ಆಸ್ಕಿಗೆ ಬೇಕಾದದ್ದೂ 128. ಎರಡೂ ಒಂದೇ ಬೈಟಿನಲ್ಲಿ ಕೂರುತ್ತವೆ:

```c
T[i] = (c >= 0x0C80 && c <= 0x0CFF) ? c - 0x0C80 + 128 : c;
divsufsort(T, SA, n);
```

ಈ ಎರಡರಲ್ಲೂ ಇಲ್ಲದ ದಂಡ, ಜೀರೋ ವಿಡ್ತ್ ಜಾಯ್ನರ್‌ಗಳನ್ನು ಮೊದಲೇ ತೆಗೆದುಬಿಡಿ. ಎನ್‌ಎಫ್‌ಸಿ ಕೂಡ ಮಾಡಿರಬೇಕು, ಬಿಡಿಬಿಡಿಯಾಗಿ ಬರೆದ ಚಿಹ್ನೆಗಳನ್ನು ಅದು ಒಂದೇ ಸಂಕೇತಕ್ಕೆ ತರುತ್ತದೆ. ಇಲ್ಲದಿದ್ದರೆ ‘ೋ’ ಇರುವ ಪದಗಳು ಕಣ್ಣೆದುರೇ ಇದ್ದರೂ ಅರ್ಧಂಬರ್ಧ ಮಾತ್ರ ಸಿಗುತ್ತವೆ. ಈಗ ಪಠ್ಯ, ಅರೇ ಎರಡೂ ಸೇರಿ 115 ಎಂಬಿ ಆಸುಪಾಸು. ಹಳೆಯ ಯಂತ್ರವೇ ಸಾಕಾಯಿತು.

ನನಗೆ ಹೆಮ್ಮೆ ಇರುವುದು ಮುಂದಿನದ್ದರಲ್ಲಿ. ‘ಮನ’ ಹುಡುಕಿದರೆ ಮನದ, ಮನಕ್ಕೆ ಜೊತೆಗೆ ಮನೆ, ಮನುಷ್ಯ, ಮನ್ನಣೆ ಎಲ್ಲವೂ ನುಗ್ಗುತ್ತವೆ. ಒಂದೊಂದನ್ನೇ ಸೋಸಬೇಕು ಎಂದರು ಗೆಳೆಯರು. ಬೇಕಿಲ್ಲ. ಸ್ವರಚಿಹ್ನೆಗಳೂ ಹಲಂತವೂ 0CBEಯಿಂದ 0CCDವರೆಗೆ ಒತ್ತಟ್ಟಿಗೇ ಇವೆ. ಹಾಗಾಗಿ ವಿಂಗಡಿಸಿದ ಅರೇಯಲ್ಲಿ ಬೇಡದ ಬಾಲಗಳೆಲ್ಲ ಒಂದೇ ಪಟ್ಟಿಯಾಗಿ ನಿಂತಿರುತ್ತವೆ. ಇನ್ನೆರಡು ಬೈನರಿ ಸರ್ಚ್ ಮಾಡಿ ಆ ಪಟ್ಟಿಯನ್ನೇ ಕತ್ತರಿಸಿ ಬಿಸಾಕಿದೆ. ಒಂದೊಂದು ಸರ್ಚಿಗೆ ಸುಮಾರು 25 ಹೋಲಿಕೆ, ಅಷ್ಟೇ.

ಚಿಹ್ನೆಯಿಂದ ಶುರುವಾಗುವ ಬಾಲಗಳನ್ನೇ ಕೈಬಿಟ್ಟು ಅರೇಯನ್ನು ಇನ್ನೂ ಇಳಿಸಿಯೂ ನೋಡಿದ್ದೆ. ‘ಇಲ್ಲ’ ಕೇಳಿದಾಗ ‘ಬರಲಿಲ್ಲ’ ಸಿಗಬೇಕಾದರೆ ‘ಿಲ್ಲ’ವನ್ನೂ ಹುಡುಕಬೇಕು, ಅದು ಹೋಗಿಬಿಡುತ್ತದೆ. ವಾಪಸು ಸೇರಿಸಿದೆ. ಸಿಕ್ಕ ಸ್ಥಾನ ಯಾವ ಪುಸ್ತಕದ ಯಾವ ಪುಟ ಎಂದು ಹೇಳುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಹೊಸ ಪಠ್ಯ ಬಂದರೆ ಅರೇಯ ನಡುವೆ ತುರುಕಲಾಗದು. ದಿನದ ಹೊಸ ಕಡತಗಳನ್ನು ನೇರವಾಗಿ ಓದಿ ಹುಡುಕುತ್ತೇನೆ. ರಾತ್ರಿ ಎಲ್ಲ ಸೇರಿಸಿ ಮತ್ತೆ ಕಟ್ಟಲು ಹತ್ತು ಸೆಕೆಂಡೂ ಹಿಡಿಯುವುದಿಲ್ಲ.